ಮಲಗಿದಾಗ ಎಷ್ಟು? ನಿಂತಾಗ ಎಷ್ಟು? ನಾಡಿ ಎಣಿಸಿ ನೋಡೋಣ

ಪ್ರಾರ್ಥನೆಯ ವೇಳೆ ಬಹಳ ಹೊತ್ತು ಅಲುಗಾಡದೆ ನಿಂತ ಮಕ್ಕಳಲ್ಲಿ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಒಮ್ಮೊಮ್ಮೆ ಒಬ್ಬಿಬ್ಬರು ಕುಸಿದು ಬೀಳುವುದೂ ಉಂಟು. ಅವರನ್ನು ನೆಲದ ಮೇಲೆ ಮಲಗಿಸಿದ ಕೂಡಲೇ ಚೇತರಿಸಿಕೊಳ್ಳುತ್ತಾರೆ. ಮಲಗಿದಾಗ ಇಲ್ಲದ ತೊಂದರೆ ನಿಂತಾಗ ಏಕೆ ಬರುತ್ತದೆ? ಇದನ್ನು ತಿಳಿಯಲು ಒಂದು ಗಡಿಯಾರ ಮತ್ತು ನಿಮ್ಮ ಎರಡು ಬೆರಳುಗಳು ಸಾಕು.

ನಿಂತಾಗ ದೇಹದೊಳಗೆ ಏನಾಗುತ್ತದೆ?

ಮಲಗಿದ್ದಾಗ ತಲೆ, ಹೃದಯ, ಕಾಲು ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ನಿಂತಾಗ ಗುರುತ್ವದಿಂದಾಗಿ ರಕ್ತ ಕೆಳಕ್ಕೆ ಇಳಿಯುತ್ತದೆ. ವಯಸ್ಕರಲ್ಲಿ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆಯ ಕೆಳಭಾಗ ಮತ್ತು ಕಾಲುಗಳ ಅಭಿಧಮನಿಗಳಲ್ಲಿ ಸೇರಿಕೊಳ್ಳುತ್ತದೆ. ಹೀಗಾಗಿ ಹೃದಯಕ್ಕೆ ಮರಳಿ ಬರುವ ರಕ್ತ ಕಡಿಮೆಯಾಗುತ್ತದೆ. ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತವೂ ಕಡಿಮೆಯಾಗುತ್ತದೆ.

ನೀವು ಬಾವಿಯಿಂದ ತೊಟ್ಟಿಗೆ ನೀರು ತುಂಬುತ್ತಿದ್ದೀರಿ ಎಂದುಕೊಳ್ಳಿ. ದೊಡ್ಡ ಕೊಡದ ಬದಲು ಚಿಕ್ಕ ಬಿಂದಿಗೆ ಕೊಟ್ಟರೆ ಏನು ಮಾಡುವಿರಿ? ಹೆಚ್ಚು ಸಲ ಓಡಾಡುವಿರಿ, ಅಲ್ಲವೇ? ಹೃದಯವೂ ಹಾಗೆಯೇ ಮಾಡುತ್ತದೆ. ಕುತ್ತಿಗೆಯ ಅಪಧಮನಿಯಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ರಕ್ತದ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಸ್ವಲ್ಪ ಇಳಿದರೂ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳಿನ ಆಜ್ಞೆಯಂತೆ ಹೃದಯ ಬೇಗ ಬೇಗ ಬಡಿಯುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ. ಆದುದರಿಂದ ನಿಂತಾಗ ನಾಡಿ ಸ್ವಲ್ಪ ಏರುವುದು ರೋಗವಲ್ಲ. ಆರೋಗ್ಯವಂತ ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 10 ರಿಂದ 20 ಬಡಿತ ಏರುತ್ತದೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಇದಕ್ಕಿಂತ ಹೆಚ್ಚು ಏರುವುದೂ ಸಹಜ.

ಮಾಡಿ ನೋಡಿ

ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಒಬ್ಬರು ಚಾಪೆಯ ಮೇಲೆ 5 ನಿಮಿಷ ಮಾತನಾಡದೆ ಮಲಗಲಿ. ಇನ್ನೊಬ್ಬರು ಮಲಗಿದವರ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಲಿ. ನಿಮ್ಮ ಹೆಬ್ಬೆರಳಿನಿಂದ ನಾಡಿ ನೋಡಬೇಡಿ. ಅದರ ಸ್ವಂತ ಮಿಡಿತವೇ ನಿಮ್ಮನ್ನು ಮೋಸಗೊಳಿಸಬಹುದು. ಸೆಕೆಂಡು ಮುಳ್ಳಿರುವ ಗಡಿಯಾರ ನೋಡುತ್ತಾ 30 ಸೆಕೆಂಡು ಎಣಿಸಿ, 2 ರಿಂದ ಗುಣಿಸಿ ಬರೆದುಕೊಳ್ಳಿ.

ಈಗ ಮಲಗಿದವರು ಎದ್ದು ನಿಲ್ಲಲಿ. ಗೋಡೆಗೆ ಒರಗಬಾರದು, ನಡೆದಾಡಬಾರದು. ಕಾಲು ಆಡಿಸಿದರೆ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಆಗ ಏರಿಕೆ ಕಡಿಮೆ ಕಾಣುತ್ತದೆ. ನಿಂತು 1 ನಿಮಿಷ ಕಳೆದ ಮೇಲೆ ಒಮ್ಮೆ, 3 ನಿಮಿಷ ಕಳೆದ ಮೇಲೆ ಇನ್ನೊಮ್ಮೆ 30 ಸೆಕೆಂಡು ಎಣಿಸಿ. ನಡುವೆ ತಲೆ ಸುತ್ತಿದರೆ ಅಥವಾ ಕಣ್ಣು ಮಂಜಾದರೆ ಕೂಡಲೇ ಮಲಗಿಸಿ. ಎಣಿಕೆ ಅಲ್ಲಿಗೇ ಮುಗಿಯಿತು.

ಇಲ್ಲಿ ತಪ್ಪುವುದು ಎಲ್ಲಿ?

ಎದ್ದ ಕೂಡಲೇ ಎಣಿಸಿದರೆ ಲೆಕ್ಕ ಕೆಡುತ್ತದೆ. ಏಕೆಂದರೆ ನಿಂತ ಮೊದಲ 10–15 ಸೆಕೆಂಡುಗಳಲ್ಲಿ ನಾಡಿ ಥಟ್ಟನೆ ಏರಿ, ಸುಮಾರು 30 ಸೆಕೆಂಡಿನ ಹೊತ್ತಿಗೆ ಇಳಿಯುತ್ತದೆ. ಒಬ್ಬ ಹುಡುಗನ ನಾಡಿ ಮಲಗಿದಾಗ 76 ಇತ್ತು ಎನ್ನೋಣ. ಎದ್ದ ಕೂಡಲೇ 15 ಸೆಕೆಂಡು ಎಣಿಸಿದಾಗ 27 ಬಂತು. 4 ರಿಂದ ಗುಣಿಸಿದರೆ 108. ಏರಿಕೆ 32! ಜೊತೆಗಾರರು ಗಾಬರಿಯಾದರು. ಆದರೆ 1 ನಿಮಿಷದ ನಂತರ 30 ಸೆಕೆಂಡಿನಲ್ಲಿ ಬಂದದ್ದು 46, ಅಂದರೆ ನಿಮಿಷಕ್ಕೆ 92. ನಿಜವಾದ ಏರಿಕೆ 16 ಮಾತ್ರ. ಇನ್ನೊಂದು ವಿಷಯ ಗಮನಿಸಿ: 15 ಸೆಕೆಂಡು ಎಣಿಸುವಾಗ ಒಂದು ಮಿಡಿತ ತಪ್ಪಿದರೆ ಉತ್ತರದಲ್ಲಿ 4 ತಪ್ಪುತ್ತದೆ, 30 ಸೆಕೆಂಡು ಎಣಿಸಿದರೆ 2 ಮಾತ್ರ ತಪ್ಪುತ್ತದೆ.

ಏರಿಕೆ ಬಹಳವಾದರೆ?

ಒಂದು ಉದಾಹರಣೆ ನೋಡೋಣ. 7ನೇ ತರಗತಿಯ ಒಬ್ಬ ಹುಡುಗಿಗೆ ಹಿಂದಿನ ರಾತ್ರಿಯಿಂದ ನಾಲ್ಕೈದು ಸಲ ಭೇದಿಯಾಗಿದೆ. ಬೆಳಿಗ್ಗೆ ಏನೂ ತಿಂದಿಲ್ಲ, ನೀರೂ ಕುಡಿದಿಲ್ಲ. ಎದ್ದರೆ ತಲೆ ತಿರುಗುತ್ತದೆ ಎನ್ನುತ್ತಾಳೆ. ಆರೋಗ್ಯ ಕೇಂದ್ರದಲ್ಲಿ ಅವಳ ನಾಡಿ ಹೀಗಿತ್ತು:

ಮಲಗಿದಾಗ: 42 × 2 = 84
ನಿಂತ 1 ನಿಮಿಷಕ್ಕೆ: 64 × 2 = 128
ನಿಂತ 3 ನಿಮಿಷಕ್ಕೆ: 65 × 2 = 130

ಏರಿಕೆ 130 – 84 = 46. ಸಮಯ ಕಳೆದರೂ ಅದು ಇಳಿಯಲಿಲ್ಲ. ಭೇದಿಯಲ್ಲಿ ನೀರು ಮತ್ತು ಲವಣ ಹೊರಹೋಗಿ ರಕ್ತದ ಪ್ರಮಾಣವೇ ಕುಗ್ಗಿದೆ. ಕೊಡದಲ್ಲಿ ಇದ್ದ ನೀರೇ ಕಡಿಮೆ. ಅದರಲ್ಲೂ ಒಂದು ಪಾಲು ಕಾಲಿಗೆ ಇಳಿಯಿತು. ಉಳಿದ ಅಲ್ಪ ರಕ್ತವನ್ನು ಮೆದುಳಿಗೆ ಮುಟ್ಟಿಸಲು ಹೃದಯ ಅಷ್ಟು ವೇಗವಾಗಿ ದುಡಿಯಬೇಕಾಯಿತು. ಮಲಗಿದಾಗಿನ 84 ನ್ನು ಮಾತ್ರ ನೋಡಿದ್ದರೆ ಈ ಕೊರತೆ ಗೊತ್ತಾಗುತ್ತಲೇ ಇರಲಿಲ್ಲ ಎಂಬುದನ್ನು ಗಮನಿಸಿ.

ಅವಳಿಗೆ ಒಂದು ಪೊಟ್ಟಣ ಓ.ಆರ್.ಎಸ್. ಪುಡಿಯನ್ನು, ಅದರ ಮೇಲೆ ಬರೆದಿರುವಂತೆ, 1 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದರು. ಭೇದಿ ನಿಂತು ಮೂರನೆಯ ದಿನ ಎಣಿಸಿದಾಗ ಮಲಗಿದಾಗ 78, ನಿಂತ 1 ನಿಮಿಷಕ್ಕೆ 96, 3 ನಿಮಿಷಕ್ಕೆ 98. ಏರಿಕೆ 20 ಕ್ಕೆ ಇಳಿದಿದೆ. ನೀರು ಮತ್ತು ಲವಣ ತುಂಬಿದ ಮೇಲೆ ಏರಿಕೆ ಇಳಿದದ್ದರಿಂದ, ನಿರ್ಜಲೀಕರಣವೇ ಕಾರಣ ಎಂಬ ಊಹೆಗೆ ಬಲ ಬಂತು.

ಹಾಗಾದರೆ ಏರಿಕೆ ಬಹಳವಾದಾಗಲೆಲ್ಲ ನೀರಿನ ಕೊರತೆ ಎನ್ನಬಹುದೇ? ಇಲ್ಲ. ಗಾಯದಿಂದ ರಕ್ತ ಹೋದಾಗ, ರಕ್ತಹೀನತೆ ಇದ್ದಾಗ, ಜ್ವರದಿಂದ ಎದ್ದಾಗ, ಬಹುದಿನ ಹಾಸಿಗೆ ಹಿಡಿದವರು ಮೊದಲ ಸಲ ನಿಂತಾಗಲೂ ಹೀಗಾಗಬಹುದು. ಕೆಲವರಲ್ಲಿ ನೀರು ಕುಡಿದರೂ ಏರಿಕೆ ಇಳಿಯುವುದಿಲ್ಲ. 12 ರಿಂದ 19 ವರ್ಷದವರಲ್ಲಿ, ನಿಂತ 10 ನಿಮಿಷದೊಳಗೆ ನಾಡಿ 40 ಅಥವಾ ಹೆಚ್ಚು ಏರಿ ಹಾಗೆಯೇ ಉಳಿದರೆ, ರಕ್ತದೊತ್ತಡ ಅಷ್ಟಾಗಿ ಇಳಿಯದಿದ್ದರೂ ನಿಂತಾಗ ತಲೆಸುತ್ತು, ಎದೆಬಡಿತ, ಸುಸ್ತು 3 ತಿಂಗಳಿಗೂ ಮೀರಿ ಕಾಡಿದರೆ, ವೈದ್ಯರು 'ಪಾಟ್ಸ್' ಎಂಬ ತೊಂದರೆಯನ್ನು ಯೋಚಿಸುತ್ತಾರೆ. ವಯಸ್ಕರಿಗೆ ಈ ಅಂಕಿ 30. ರಕ್ತದೊತ್ತಡವನ್ನೂ ಅಳೆದು, ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಂಡೇ ಅವರು ಅದನ್ನು ಹೇಳುತ್ತಾರೆ.

ಇದಕ್ಕೆ ವಿರುದ್ಧವಾದ ಮಾತೂ ನಿಜ. ಏರಿಕೆ ಕಡಿಮೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. ಸ್ವಲ್ಪ ಪ್ರಮಾಣದ ನೀರು ಅಥವಾ ರಕ್ತ ಕಡಿಮೆಯಾದಾಗ ನಾಡಿ ಅದನ್ನು ತೋರಿಸದೆಯೂ ಇರಬಹುದು. ಆದ್ದರಿಂದ ನಾಡಿಯ ಜೊತೆಗೆ ಬಾಯಿ ಒಣಗಿದೆಯೇ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದೆಯೇ ಎಂದೂ ನೋಡಬೇಕು.

ಶಿಕ್ಷಕರ ಗಮನಕ್ಕೆ: ಭೇದಿ, ವಾಂತಿ, ಜ್ವರ ಇರುವ ಮಕ್ಕಳನ್ನು ಪ್ರಯೋಗಕ್ಕಾಗಿ ನಿಲ್ಲಿಸಬೇಡಿ, ಅವರಿಗೆ ಬೇಕಾದದ್ದು ಓ.ಆರ್.ಎಸ್. ಮತ್ತು ಆರೋಗ್ಯ ಕೇಂದ್ರ. ಉಳಿದ ಮಕ್ಕಳ ಏರಿಕೆಯನ್ನು ಕಪ್ಪುಹಲಗೆಯ ಮೇಲೆ ಹೆಸರಿಲ್ಲದೆ ಬರೆದು ತರಗತಿಯ ಸರಾಸರಿ ಕಂಡುಹಿಡಿಸಿ. ಯಾರದಾದರೂ ಏರಿಕೆ 40 ದಾಟಿದರೆ ಮರುದಿನ ನೀರು ಕುಡಿಸಿ, ವಿಶ್ರಾಂತಿ ಕೊಟ್ಟು ಮತ್ತೆ ಎಣಿಸಿ. ಆಗಲೂ ಹಾಗೆಯೇ ಇದ್ದರೆ, ಅಥವಾ ಮಗುವಿಗೆ ನಿಂತಾಗ ತಲೆಸುತ್ತುವ ಅಭ್ಯಾಸವಿದ್ದರೆ, ಎರಡೂ ದಿನದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಪೋಷಕರ ಕೈಗೆ ಕೊಟ್ಟು ವೈದ್ಯರಿಗೆ ತೋರಿಸಲು ತಿಳಿಸಿ.