ಎಂಟ್ರಿ ಎಷ್ಟು, ಮೊತ್ತ ಎಷ್ಟು?

ನಮ್ಮ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಪುಸ್ತಕದ ಸಾರ್ಟಿಂಗ್ ಪಾಠದಲ್ಲಿ ಟೈಮ್ ಕಾಂಪ್ಲೆಕ್ಸಿಟಿಯ ಬಗ್ಗೆ ಒಂದು ಸಣ್ಣ ಭಾಗವಿದೆ. ಒಂದು ಲೂಪ್ ಇದ್ದರೆ n, ಲೂಪಿನೊಳಗೆ ಲೂಪ್ ಇದ್ದರೆ n². ಅದನ್ನೇ ನಾನು ಬಾಯಿಪಾಠ ಮಾಡಿದ್ದೆ. ಗೇಟ್ ಪರೀಕ್ಷೆಗೆ ಓದುತ್ತಿರುವ ನನ್ನ ಭಾಯಿಜಾನ್ 2013ರ ಈ ಪ್ರಶ್ನೆಯನ್ನು ಮುಂದಿಟ್ಟಾಗಲೂ ಯೋಚಿಸದೆ "n²" ಎಂದುಬಿಟ್ಟೆ.

```
int unknown(int n) {
    int i, j, k = 0;
    for (i = n/2; i <= n; i++)
        for (j = 2; j <= n; j = j*2)
            k = k + n/2;
    return k;
}
```

"ಏನು ಕೇಳಿದ್ದಾರೆ ಅಂತ ಓದಿದ್ಯಾ?" ಎಂದರು ಭಾಯಿಜಾನ್. ಕೇಳಿದ್ದು ಸಮಯವನ್ನಲ್ಲ, ಕೊನೆಗೆ ಹಿಂತಿರುಗುವ k ಎಷ್ಟು ದೊಡ್ಡದಾಗಿರುತ್ತದೆ ಎಂದು. ಎರಡೂ ಒಂದೇ ಅಲ್ಲವೇ ಎಂಬ ಗೊಂದಲ ಹೋಗಲು ನನಗೆ ಕ್ಯಾಶ್ ಬುಕ್ಕೇ ಬೇಕಾಯಿತು. ಎಷ್ಟು ಎಂಟ್ರಿ ಬರೆದೆವು ಎನ್ನುವುದು ಸಮಯ. ಎಂಟ್ರಿಗಳ ಒಟ್ಟು ಮೊತ್ತ k.

n = 16 ಎಂದು ಇಟ್ಟುಕೊಳ್ಳಿ. ಹೊರಗಿನ ಲೂಪ್ 8ರಿಂದ 16ರವರೆಗೆ, ಅಂದರೆ 9 ಸಲ ಓಡುತ್ತದೆ. (ನಾನು ಮೊದಲು 8 ಎಂದು ಎಣಿಸಿದ್ದೆ, ಎರಡೂ ತುದಿಗಳು ಸೇರುತ್ತವೆ.) ಒಳಗಿನ ಲೂಪಿನಲ್ಲಿ j ಪ್ರತಿ ಸಲ ಇಮ್ಮಡಿಯಾಗುವುದರಿಂದ 2, 4, 8, 16, ಹೀಗೆ ನಾಲ್ಕೇ ಸಲ. ಒಟ್ಟು 36 ಎಂಟ್ರಿ. ಪ್ರತಿ ಎಂಟ್ರಿಗೆ 8 ಸೇರುವುದರಿಂದ ಮೊತ್ತ 288.

ಈಗ n ಅನ್ನು 32 ಮಾಡಿ. ಹೊರಗೆ 17 ಸಲ, ಒಳಗೆ 5 ಸಲ, ಎಂಟ್ರಿ 85. ಪ್ರತಿ ಎಂಟ್ರಿ 16, ಮೊತ್ತ 1360. n ದುಪ್ಪಟ್ಟಾದಾಗ ಎಂಟ್ರಿಗಳು ದುಪ್ಪಟ್ಟಿಗಿಂತ ಸ್ವಲ್ಪ ಹೆಚ್ಚಾದವು ಅಷ್ಟೆ. n² ಆಗಿದ್ದರೆ ಸುಮಾರು ನಾಲ್ಕು ಪಟ್ಟು ಆಗಬೇಕಿತ್ತು. ಆ "ಸ್ವಲ್ಪ ಹೆಚ್ಚು" ಬಂದದ್ದು ಒಳಲೂಪ್ 4ರಿಂದ 5 ಆದದ್ದರಿಂದ. ಅದೇ log n: 16 ಅನ್ನು ಮತ್ತೆ ಮತ್ತೆ ಎರಡರಿಂದ ಭಾಗಿಸಿದರೆ ನಾಲ್ಕನೇ ಸಲಕ್ಕೆ 1 ಸಿಗುತ್ತದೆ, 32ಕ್ಕೆ ಐದು ಸಲ ಬೇಕು. ಗಣಿತ ತೆಗೆದುಕೊಳ್ಳದ ನಮ್ಮಂಥ ಕಾಮರ್ಸ್‌ನವರಿಗೆ ಇಷ್ಟು ಲಾಗ್ ಸಾಕು.

ಹಾಗಾಗಿ ಸಮಯ n log n. ಹೊರಲೂಪ್ ಓಡುವುದು n ನ ಅರ್ಧದಷ್ಟೇ ಆದರೂ ಆ ಅರ್ಧವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ n ದುಪ್ಪಟ್ಟಾದರೆ ಅದರ ಅರ್ಧವೂ ದುಪ್ಪಟ್ಟೇ. ಮೊತ್ತಕ್ಕೆ ಇನ್ನೊಂದು n/2 ಗುಣಿಸಿಕೊಳ್ಳುತ್ತದೆ. ಆದ್ದರಿಂದ ಪ್ರಶ್ನೆಯ ಉತ್ತರ n² log n. ನನ್ನ n² ಎರಡಕ್ಕೂ ತಪ್ಪು, ಆದರೆ ಆಯ್ಕೆಗಳಲ್ಲಿ ಅದೂ ಇತ್ತು!

ಪುಸ್ತಕದ ನಿಯಮ ಸುಳ್ಳೇನಲ್ಲ. ಒಳಲೂಪಿನಲ್ಲಿ `j = j*2` ಬದಲು `j = j+2` ಎಂದಿದ್ದರೆ ಅದು 16ಕ್ಕೆ 8 ಸಲ, 32ಕ್ಕೆ 16 ಸಲ ಓಡುತ್ತದೆ. ಎಂಟ್ರಿ 72 ಇದ್ದದ್ದು 272 ಆಗುತ್ತದೆ, ನಾಲ್ಕು ಪಟ್ಟಿಗೆ ಹತ್ತಿರ. ಆಗ ಸಮಯ n² ಎನ್ನುವುದೇ ಸರಿ.