ಕಂಬಳಿ ಚುಚ್ಚುವುದೇಕೆ, ಪಾಲಿಯೆಸ್ಟರ್ ಅಂಗಿ ಕಡಿಯುವುದೇಕೆ?

ಕಲ್ಯಾಣದುರ್ಗದ ಕಡೆ ಕುರಿ ಕಾಯುವವರ ಹೆಗಲ ಮೇಲೆ ಕರಿ ಕಂಬಳಿ ನೋಡಿರುತ್ತೀರಿ. ಮಳೆಗೂ ಅದೇ, ಚಳಿಗೂ ಅದೇ, ರಾತ್ರಿ ಹಟ್ಟಿಯ ಹತ್ತಿರ ಹಾಸಿಕೊಳ್ಳೋಕೂ ಅದೇ. ಆದರೆ ಬರಿಮೈಗೆ ಹೊದ್ದುಕೊಂಡರೆ ಎರಡೇ ನಿಮಿಷದಲ್ಲಿ ಕುತ್ತಿಗೆ, ತೋಳು ಎಲ್ಲಾ ಚುಚ್ಚೋಕೆ ಶುರುವಾಗುತ್ತೆ. "ನನಗೆ ಉಣ್ಣೆ ಆಗಲ್ಲ ಸಾರ್, ಅಲರ್ಜಿ" ಅಂತ ಪ್ರತಿ ವರ್ಷ ತರಗತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಬಹುತೇಕ ಅದು ಅಲರ್ಜಿ ಅಲ್ಲ. ಅಲ್ಲಿ ನಡೆಯುವುದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರ.

ಕಟಿಂಗ್ ಶಾಪಿನಿಂದ ಬಂದ ದಿನವನ್ನು ನೆನಪಿಸಿಕೊಳ್ಳಿ. ಕತ್ತರಿಸಿದ ಚಿಕ್ಕ ಕೂದಲು ಅಂಗಿಯ ಕಾಲರಿನೊಳಗೆ ಸೇರಿ ಸ್ನಾನ ಮಾಡುವ ತನಕ ಚುಚ್ಚುತ್ತಲೇ ಇರುತ್ತೆ. ಅದು ನಿಮ್ಮದೇ ಕೂದಲು. ತಲೆಯ ಮೇಲೆ ಉದ್ದಕ್ಕೆ ಇದ್ದಾಗ ಅದೇ ಕೂದಲು ಕುತ್ತಿಗೆಗೆ ತಾಗಿದರೂ ಏನೂ ಆಗುತ್ತಿರಲಿಲ್ಲ. ಬದಲಾದದ್ದು ಉದ್ದ ಮಾತ್ರ. ಉದ್ದದ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಎಳೆ ಬಾಗುತ್ತದೆ. ಗಿಡ್ಡ ಎಳೆ ಬಾಗುವುದಿಲ್ಲ, ಸೂಜಿಯಂತೆ ನೆಟ್ಟಗೆ ನಿಂತು ಒತ್ತುತ್ತದೆ.

ಚರ್ಮದ ಮೇಲ್ಪದರದ ಹತ್ತಿರವೇ ನೋವನ್ನು ತಿಳಿಸುವ ನರತುದಿಗಳಿವೆ. ಒಂದು ಎಳೆಯ ತುದಿ ಸುಮಾರು 75 ಮಿಲಿಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ಅವು ಎಚ್ಚರಗೊಳ್ಳುತ್ತವೆ. ನಾಲ್ಕೈದು ಸಣ್ಣ ಅಕ್ಕಿಕಾಳಿನ ತೂಕ, ಅಷ್ಟೇ! ಅಷ್ಟು ಒತ್ತುವ ಮೊದಲೇ ಎಳೆ ಬಾಗಿಬಿಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ. ಬಾಗದೆ ನಿಂತರೆ ಚುಚ್ಚುತ್ತದೆ.

ಹಾಗಾದರೆ ಎಳೆ ಬಾಗುವುದು, ಬಾಗದಿರುವುದು ಯಾವುದರ ಮೇಲೆ ನಿಂತಿದೆ? ಮುಖ್ಯವಾಗಿ ದಪ್ಪದ ಮೇಲೆ. ಬಾಗಿಸಲು ಬೇಕಾದ ಬಲವು ಎಳೆಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಲೆಕ್ಕ ಹಾಕಿ ನೋಡೋಣ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 20 ಮೈಕ್ರಾನ್ ದಪ್ಪದ ಒಂದು ಗಿಡ್ಡ ಎಳೆ 10 ಮಿಲಿಗ್ರಾಂ ತೂಕಕ್ಕೆ ಬಾಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟೇ ಉದ್ದದ 40 ಮೈಕ್ರಾನ್ ಎಳೆ ಎಷ್ಟಕ್ಕೆ ಬಾಗುತ್ತೆ? ಇಪ್ಪತ್ತು ಅನ್ನಬೇಡಿ. ದಪ್ಪ ಎರಡರಷ್ಟಾದರೆ ಬಲ 2×2×2×2, ಅಂದರೆ 16 ಪಟ್ಟು. ಉತ್ತರ 160 ಮಿಲಿಗ್ರಾಂ. ಮೊದಲನೆಯದು 75ರ ಗೆರೆ ಮುಟ್ಟುವ ಮೊದಲೇ ಬಾಗಿತು, ಎರಡನೆಯದು ಗೆರೆ ದಾಟಿಯೂ ನೆಟ್ಟಗೇ ಇತ್ತು.

ಬಟ್ಟೆಯಲ್ಲಿ 30 ಮೈಕ್ರಾನಿಗಿಂತ ದಪ್ಪ ಇರುವ ಎಳೆಗಳು ನೂರಕ್ಕೆ ಐದರಷ್ಟಿದ್ದರೂ ಸಾಕು, ಚುಚ್ಚುತ್ತದೆ ಎನ್ನುವುದು ಉಣ್ಣೆ ಪರೀಕ್ಷಿಸುವವರ ಲೆಕ್ಕ. ನಮ್ಮ ಕಡೆಯ ದಖನಿ ಕುರಿಯ ಉಣ್ಣೆ ಸರಾಸರಿಯಲ್ಲೇ 40 ಮೈಕ್ರಾನ್ ದಾಟುತ್ತದೆ, ಜೊತೆಗೆ ಒರಟು ಕೂದಲೂ ಬೆರೆತಿರುತ್ತದೆ. ಮೆರಿನೊ ಎಂಬ ಜಾತಿಯ ಕುರಿಯ ಉಣ್ಣೆ 20 ಮೈಕ್ರಾನಿನ ಆಸುಪಾಸು. ಅದೂ ಉಣ್ಣೆಯೇ, ಅದೇ ಕೆರಾಟಿನ್ ಪ್ರೋಟೀನು. ಅದರ ಬನಿಯನ್ನೇ ಬರಿಮೈಗೆ ಹಾಕಿಕೊಳ್ಳುವವರಿದ್ದಾರೆ. ಉಣ್ಣೆ ಎಂಬ ವಸ್ತುವಿಗೆ ಅಲರ್ಜಿ ಇದ್ದಿದ್ದರೆ ಅದೂ ಕಡಿಯಬೇಕಿತ್ತಲ್ಲವೇ?

ಕಂಬಳಿಯಲ್ಲಿ ಇನ್ನೊಂದು ವಿಷಯವಿದೆ. ನೇಯುವ ಮುಂಚೆ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ನೂಲು ಬಿಗಿಯಾಗಿ, ಗಟ್ಟಿಯಾಗಿ ನಿಲ್ಲಲಿ ಅಂತ. ಹೊಸ ಕಂಬಳಿ ಹಲಗೆಯಂತಿರುವುದಕ್ಕೆ ಅದೂ ಕಾರಣ. ಒಗೆದು ಬಳಸುತ್ತಾ ಹೋದಂತೆ ಗಂಜಿ ಬಿಟ್ಟು ಮೆತ್ತಗಾಗುತ್ತೆ, ಎಳೆಯ ದಪ್ಪ ಮಾತ್ರ ಹಾಗೇ ಇರುತ್ತೆ. "ಕಡಿದ್ರೇನೇ ಕಂಬ್ಳಿ ಬೆಚ್ಚಗಿರೋದು" ಅಂತ ಹಿರಿಯರು ಹೇಳೋದುಂಟು. ಬೆಚ್ಚಗಿರುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ, ಕಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಒಳಗೆ ಒಂದು ಹಳೇ ಹತ್ತಿ ದುಪ್ಪಟಿ ಹೊದ್ದು ಮೇಲೆ ಕಂಬಳಿ ಹೊದ್ದರೆ ಬಿಸಿ ಕಡಿಮೆಯಾಗಲ್ಲ, ಚುಚ್ಚೋದೂ ಇಲ್ಲ.

ಈಗ ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬನ್ನಿ. ಅಲ್ಲಿಗೆ ಬರುವ ಒಂದೊಂದು ರೇಷ್ಮೆಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ, ದಪ್ಪ ಹತ್ತು-ಹದಿನೈದು ಮೈಕ್ರಾನ್ ಅಷ್ಟೇ. ತೆಳುವೂ ಹೌದು, ಬಟ್ಟೆಯ ಮೇಲೆ ಎದ್ದು ನಿಲ್ಲುವ ತುಂಡು ತುದಿಗಳೂ ಇಲ್ಲ. ರೇಷ್ಮೆ ನಯ ಅನ್ನುವುದರ ಅರ್ಥ ಇದೇ. ಹತ್ತಿಯ ಎಳೆ ಚಿಕ್ಕದಾದರೂ ತೆಳುವಾಗಿ, ಚಪ್ಪಟೆಯಾಗಿ ಇರುವುದರಿಂದ ಸುಲಭವಾಗಿ ಬಾಗಿಬಿಡುತ್ತದೆ.

ಸ್ವೆಟರ್ ಕೊಳ್ಳುವಾಗ ಎಲ್ಲರೂ ಅಂಗೈಯಲ್ಲಿ ಸವರಿ ನೋಡುತ್ತಾರೆ. ಅಂಗೈ ಚರ್ಮ ದಪ್ಪ, ಈ ಚುಚ್ಚು ಅಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಮುಂದೋಳಿನ ಒಳಭಾಗಕ್ಕೋ ಕುತ್ತಿಗೆಗೋ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಬೆವರಿದ್ದರೆ ಚರ್ಮ ಮೆತ್ತಗಾಗಿ ಇನ್ನೂ ಜಾಸ್ತಿ ಚುಚ್ಚುತ್ತೆ.

ಪಾಲಿಯೆಸ್ಟರ್ ಕಥೆಯೇ ಬೇರೆ. ಅದರ ಎಳೆ ಸಾಮಾನ್ಯವಾಗಿ ತೆಳುವಾಗಿ, ನುಣ್ಣಗೆ ಇರುತ್ತದೆ, ಚುಚ್ಚುವುದಿಲ್ಲ. ಆದರೆ ನೀರು ಹೀರುವುದಿಲ್ಲ. 100 ಗ್ರಾಂ ಒಣ ಹತ್ತಿ ಗಾಳಿಯ ತೇವದಿಂದಲೇ ಸುಮಾರು 8 ಗ್ರಾಂ ನೀರು ಹಿಡಿದಿಡುತ್ತದೆ, ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಬಿಗಿಯಾದ ಪಾಲಿಯೆಸ್ಟರ್ ಅಂಗಿ ತೊಟ್ಟರೆ ಬೆವರು ಮೈಮೇಲೇ ನಿಲ್ಲುತ್ತೆ. ನೆನೆದು ಉಬ್ಬಿದ ಚರ್ಮದಲ್ಲಿ ಬೆವರುನಾಳದ ಬಾಯಿ ಮುಚ್ಚಿಕೊಂಡು ಬೆವರುಸಾಲೆ ಏಳುತ್ತದೆ: ಬೆನ್ನು, ಎದೆ, ಸೊಂಟದ ಪಟ್ಟಿಯ ಜಾಗದಲ್ಲಿ ಚಿಕ್ಕ ಚಿಕ್ಕ ಗುಳ್ಳೆ. ಎಲ್ಲ ಪಾಲಿಯೆಸ್ಟರೂ ಹೀಗೇ ಅನ್ನಲಾಗದು. ತೂತುತೂತಾಗಿ ನೇಯ್ದ ಆಟದ ಜೆರ್ಸಿಯಲ್ಲಿ ಬೆವರು ಎಳೆಗಳ ಸಂದಿನಲ್ಲಿ ಹರಡಿ ಬೇಗ ಆರುತ್ತದೆ.

ನಿಜವಾದ ಅಲರ್ಜಿಯೂ ಉಂಟು. ಬಹಳ ಸಲ ಅದು ಎಳೆಗಲ್ಲ, ಬಣ್ಣಕ್ಕೆ. ಒಂದು ಉದಾಹರಣೆ ತಗೊಳ್ಳಿ. ಹುಡುಗಿಯೊಬ್ಬಳು ಗಾಢ ನೀಲಿ ಬಣ್ಣದ ಹೊಸ ಪಾಲಿಯೆಸ್ಟರ್ ಚೂಡಿದಾರ್ ಅನ್ನು ಒಗೆಯದೆ ಹಬ್ಬಕ್ಕೆ ತೊಟ್ಟಳು. ಅವತ್ತು ಏನೂ ಇಲ್ಲ. ಎರಡನೇ ದಿನ ಕಂಕುಳಿನ ಅಂಚು, ಮೊಣಕೈ ಮಡಿಕೆ, ಕುತ್ತಿಗೆಯಲ್ಲಿ ಕೆಂಪು ದದ್ದು. ಬಟ್ಟೆ ಬಿಚ್ಚಿಟ್ಟರೂ ವಾರವಾದರೂ ಹೋಗಲಿಲ್ಲ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ಎಳೆಯೊಂದಿಗೆ ರಾಸಾಯನಿಕ ಬಂಧ ಮಾಡಿಕೊಳ್ಳುವುದಿಲ್ಲ, ಒಳಗೆ ಸೇರಿಕೊಂಡು ಕೂತಿರುತ್ತವೆ ಅಷ್ಟೇ. ಬೆವರು, ಉಜ್ಜಾಟ ಎರಡೂ ಸೇರಿದ ಕಡೆ ಚರ್ಮಕ್ಕೆ ಇಳಿಯುತ್ತವೆ. ದದ್ದು ಮಡಿಕೆಗಳಲ್ಲೇ ಬಂದದ್ದು ಅದಕ್ಕೇ. ಕಂಕುಳಿನ ನಡುಗುಳಿಯಲ್ಲೇ ಬಂದಿದ್ದರೆ ಮೊದಲು ಅಲ್ಲಿಗೆ ಹಚ್ಚುವ ಸೆಂಟು, ಡಿಯೋಡರೆಂಟನ್ನು ಅನುಮಾನಿಸಬೇಕಿತ್ತು. ಹೊಸ ಬಟ್ಟೆಯನ್ನು ಒಂದೆರಡು ಸಲ ಒಗೆದು ತೊಟ್ಟರೆ ಹೆಚ್ಚಾಗಿ ಉಳಿದ ಬಣ್ಣ ಹೋಗುತ್ತದೆ. ಆದರೆ ಒಮ್ಮೆ ಅಲರ್ಜಿ ಹುಟ್ಟಿದ ಮೇಲೆ ಒಗೆತ ಸಾಲದು, ಆ ಬಟ್ಟೆಯನ್ನೇ ಬಿಡಬೇಕಾಗುತ್ತೆ.

ಹಾಗಾಗಿ ಮೈ ಕಡಿದಾಗ ಗಡಿಯಾರ ನೋಡಿ. ತೊಟ್ಟ ಕೂಡಲೇ ಶುರುವಾಗಿ ಬಿಚ್ಚಿದ ಸ್ವಲ್ಪ ಹೊತ್ತಿಗೆ ನಿಂತರೆ ಅದು ಚುಚ್ಚು. ಬೆವರಿನ ಜೊತೆ ಬಂದು ತಣ್ಣಗಿದ್ದಾಗ ಇಳಿದರೆ ಬೆವರುಸಾಲೆ. ಒಂದೆರಡು ದಿನ ಬಿಟ್ಟು ಬಂದು ದಿನಗಟ್ಟಲೆ ಉಳಿದರೆ ಅಲರ್ಜಿ ಇರಬಹುದು, ಚರ್ಮದ ವೈದ್ಯರಿಗೆ ತೋರಿಸಬೇಕು.

ಹಾಸ್ಟೆಲಿನಲ್ಲಿ ಇರುವವರಿಗೆ ಇನ್ನೊಂದು ಮಾತು. ರಾತ್ರಿ ಹೊತ್ತೇ ತುರಿಕೆ ಜಾಸ್ತಿ, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ಪಕ್ಕದ ಹಾಸಿಗೆಯವನಿಗೂ ಅದೇ ಕಥೆ ಎಂದಾದರೆ ಕಂಬಳಿಯನ್ನು ಬೈಯಬೇಡಿ. ಅದು ಕಜ್ಜಿ, ಅಂದರೆ ಚರ್ಮದೊಳಗೆ ಬಿಲ ಕೊರೆಯುವ ನುಸಿಯ ಕೆಲಸ. ಬಟ್ಟೆ ಬದಲಿಸಿದರೆ ಹೋಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಜೊತೆಯಲ್ಲಿ ಮಲಗುವ ಎಲ್ಲರೂ ಒಂದೇ ಸಲ ಔಷಧಿ ಹಚ್ಚಿಕೊಳ್ಳಬೇಕು. ಒಬ್ಬನಿಗೆ ಮಾತ್ರ ಹಚ್ಚಿದರೆ ಉಳಿದವರಿಂದ ಮತ್ತೆ ಅಂಟುತ್ತದೆ.