ಶಿಫಾರಸು ಪತ್ರ ತಲುಪಿದ ಮೇಲೆ ಮೇಷ್ಟ್ರಿಗೊಂದು ಸಂದೇಶ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವವರಿಂದ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳನ್ನು ಕೇಳುತ್ತಾರೆ. ಪತ್ರ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ವಿಶ್ವವಿದ್ಯಾಲಯ ಇಮೇಲ್‌ನಲ್ಲಿ ಕಳಿಸಿದ ಲಿಂಕ್ ತೆರೆದು ಮೇಷ್ಟ್ರೇ ಅದನ್ನು ಅಪ್‌ಲೋಡ್ ಮಾಡುತ್ತಾರೆ. ಆರು ಕಡೆ ಅರ್ಜಿ ಹಾಕಿದರೆ ಆರು ಲಿಂಕ್, ಅದೂ ಹೆಚ್ಚಾಗಿ ಡಿಸೆಂಬರ್‌ನಲ್ಲಿ, ಕಾಲೇಜಿನ ಪರೀಕ್ಷೆಗಳ ಗಡಿಬಿಡಿಯ ನಡುವೆ. ಕೃತಜ್ಞತೆ ಹೇಳುವಾಗ ನೆನೆಯಬೇಕಾದದ್ದು ಈ ಕೆಲಸವನ್ನೇ.

ಮೊದಲ ಸಂದೇಶಕ್ಕೆ ಸರಿಯಾದ ಹೊತ್ತು, ಎಲ್ಲ ಅರ್ಜಿಗಳಲ್ಲೂ ಪತ್ರ ತಲುಪಿದೆ ಎಂದು ಕಂಡ ದಿನ ಅಥವಾ ಮರುದಿನ. ಅದಕ್ಕೂ ಮೊದಲು ಧನ್ಯವಾದ ಹೇಳಿದರೆ ‘ಇನ್ನೂ ಕಳಿಸಿಲ್ಲವೇ’ ಎಂದು ನೆನಪಿಸಿದಂತಾಗುತ್ತದೆ. ಸೀಟು ಸಿಕ್ಕ ಮೇಲೆ ಹೇಳೋಣ ಎಂದು ಕಾದರೆ, ಸಿಗದಿದ್ದಾಗ ಹೇಳುವುದೇ ಬಿಟ್ಟುಹೋಗುತ್ತದೆ.

ಬರೆಯುವುದು ನಾಲ್ಕೈದು ಸಾಲು ಸಾಕು. ಆದರೆ ಅದು ಇನ್ನೊಬ್ಬ ಮೇಷ್ಟ್ರಿಗೆ ಹೊಂದದಂತಿರಬೇಕು. ‘ಥ್ಯಾಂಕ್ಯೂ ಸರ್’ ಎಂದು ಕೈಮುಗಿವ ಚಿತ್ರ ಹಾಕಿದ್ದು ಹಬ್ಬದ ಶುಭಾಶಯದ ರಾಶಿಯಲ್ಲಿ ಕಳೆದುಹೋಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿಸಿದ ಮೇಡಂಗೆ ಹೀಗೆ ಬರೆಯಬಹುದು:

“ಮೇಡಂ, ನಮಸ್ಕಾರ. ಆರೂ ಕಡೆ ನಿಮ್ಮ ಪತ್ರ ತಲುಪಿದೆ. ಇಂಟರ್ನಲ್ಸ್ ನಡೆಯುತ್ತಿದ್ದಾಗಲೂ ಬಿಡುವು ಮಾಡಿಕೊಂಡು ಕಳಿಸಿಕೊಟ್ಟಿರಿ. ಸೆನ್ಸರ್ ತಪ್ಪು ಅಳತೆ ತೋರಿಸಿದಾಗ ರೀಡಿಂಗ್ ತಿದ್ದಬೇಡಿ, ಕಾರಣ ಹುಡುಕಿ ಎಂದಿದ್ದಿರಿ. ನನ್ನ ಅರ್ಜಿಯ ಪ್ರಬಂಧದಲ್ಲಿ ಅದನ್ನೇ ಬರೆದಿದ್ದೇನೆ. ಫಲಿತಾಂಶ ಮಾರ್ಚ್ ಹೊತ್ತಿಗೆ ಬರಬಹುದು, ತಿಳಿಸುತ್ತೇನೆ.”

ಇದರಲ್ಲಿ ಮೂರನೆಯ ಮಾತಿಗೇ ಹೆಚ್ಚು ತೂಕ: ಸೆನ್ಸರ್ ಪ್ರಸಂಗ ಆ ಇಬ್ಬರ ನಡುವಿನದು. ಕೊನೆಯ ಸಾಲು ಮುಂದಿನ ಸಂದೇಶಕ್ಕೆ ದಾರಿ ಬಿಡುತ್ತದೆ. ಪತ್ರದಲ್ಲಿ ಏನು ಬರೆದಿರಿ ಎಂದು ಕೇಳಬಾರದು. ಅದನ್ನು ನೋಡುವ ಹಕ್ಕನ್ನು ಅರ್ಜಿ ತುಂಬುವಾಗಲೇ ಹೆಚ್ಚಿನವರು ಬಿಟ್ಟುಕೊಟ್ಟಿರುತ್ತಾರೆ. ‘ಇನ್ನೆರಡು ಕಡೆಗೂ ಬೇಕಿತ್ತು’ ಎಂಬ ಕೋರಿಕೆಯನ್ನು ಇದಕ್ಕೇ ಅಂಟಿಸಿದರೆ ಧನ್ಯವಾದವೆಲ್ಲ ಪೀಠಿಕೆಯಾಗಿಬಿಡುತ್ತದೆ. ದುಬಾರಿ ಉಡುಗೊರೆಯೂ ಬೇಡ; ಪತ್ರಕ್ಕೆ ಬೆಲೆ ಕಟ್ಟಿದಂತಾಗಿ ಮೇಷ್ಟ್ರಿಗೇ ಮುಜುಗರ.

ಎರಡನೆಯ ಸಂದೇಶ ಫಲಿತಾಂಶದ್ದು. ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ಕಡೆ ಸಿಕ್ಕಿ ನಾಲ್ಕು ಕಡೆ ತಪ್ಪಿದ್ದರೆ ಎರಡನ್ನೂ ಹೇಳಬೇಕು, ಯಾವುದನ್ನು ಆರಿಸಿಕೊಂಡದ್ದು, ಏಕೆ ಎಂಬುದನ್ನೂ. ಎಲ್ಲೂ ಸಿಗದಿದ್ದರೂ ತಿಳಿಸಬೇಕು; ಮುಂದಿನ ವರ್ಷ ಮತ್ತೆ ಪತ್ರ ಬೇಕಾಗುವುದು ಅಂಥವರಿಗೇ. ಪರಿಚಯದವರ ಬಾಯಲ್ಲಿ ಸುದ್ದಿ ಕೇಳಿದ ಮೇಷ್ಟ್ರು ಬೇಸರ ತೋರಿಸಲಿಕ್ಕಿಲ್ಲ, ಆದರೆ ಮರೆಯುವುದಿಲ್ಲ.

ಆಮೇಲೆ ವರ್ಷಕ್ಕೆ ಒಂದೆರಡು ಬಾರಿ, ಹೇಳಲು ವಿಷಯವಿದ್ದಾಗ ಬರೆದರೆ ಸಾಕು. ಅವರು ಕಲಿಸಿದ ಪಾಠ ಹೊಸ ಲ್ಯಾಬಿನಲ್ಲಿ ಎದುರಾದದ್ದು, ಅವರ ಈಗಿನ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಇಂಟರ್ನ್‌ಶಿಪ್ ಮಾಹಿತಿ, ಊರಿಗೆ ಬಂದಾಗ ಕಾಲೇಜಿನ ಕಡೆ ಹತ್ತು ನಿಮಿಷದ ಭೇಟಿ. ಪಿಎಚ್.ಡಿ.ಗೆ ಮತ್ತೆ ಪತ್ರ ಕೇಳುವ ದಿನ ಬಂದರೆ ಕನಿಷ್ಠ ಒಂದು ತಿಂಗಳು ಮುಂಚೆ ಕೇಳಬೇಕು. ಹಳೆಯ ಧನ್ಯವಾದದ ಮೇಲ್‌ಗೇ ಉತ್ತರವಾಗಿ ಬರೆದರೆ, ಯಾವ ಬ್ಯಾಚಿನ ಯಾರು, ಯಾವ ಪ್ರಾಜೆಕ್ಟ್ ಎಂಬುದೆಲ್ಲ ಕೆಳಗೇ ಇರುತ್ತದೆ.